ಮೂರು ಅಪಸ್ವರದ ಹಾಡು

ದನಿ ಗೋಡೆಗೆ ಬಡಿದು ಮರುಗುಡದಿರಲೆಂದು ನನ್ನ ಮಗಳು ಬೀರುವಿನ ಬಟ್ಟೆಗಳ ನಡುವೆ ನಿಂತು ಹಾಡಿ ರೆಕಾರ್ಡ್ ಮಾಡಿದ್ದ ಹಾಡನ್ನು ಸೊಸೆ ಕಂಪ್ಯೂಟರಿನಲ್ಲಿ ತಿದ್ದುತ್ತಿದ್ದಳು. ಸಂಜೆ ಐದರೊಳಗೆ ಕಳಿಸದಿದ್ದರೆ ಗೆಳತಿಯರ ಹಾಡುಗಳ ಸಂಕಲನದಿಂದ ಅದು ಹೊರಗೆ. ಮಗಳ ಗಂಟಲು ಕಟ್ಟಿದ್ದರಿಂದ ಮತ್ತೆ ಹಾಡುವಂತಿರಲಿಲ್ಲ. ನಾಲ್ಕನೇ ಬಾರಿ ಕೇಳಿಸಿದಾಗಲೂ ಅದೇ ತಗಡಿನ ದನಿ.

“ಅತ್ತಿಗೆ, ಇದು ನಾನಲ್ಲ, ಲಿಫ್ಟಿನೊಳಗೆ ಮಹಡಿ ಹೇಳೋ ಹೆಂಗಸು,” ಎಂದಳು ಮಗಳು. “ಕಳಿಸೋದೇ ಬೇಡ ಬಿಡಿ.”

“ಅಪಸ್ವರ ತಿದ್ದಿ ಅಂದೋಳೂ ನೀನೇ, ತಿದ್ದಿದ್ರೆ ಬೈಯೋಳೂ ನೀನೇ!” ಸೊಸೆ ಹೆಡ್‌ಫೋನ್ ಕಿತ್ತು ಮೇಜಿನ ಮೇಲಿಟ್ಟಳು.

“ಎಷ್ಟು ಕಡೆ ಅಪಸ್ವರ ಬಂದಿದೆಯಮ್ಮಾ?” ಎಂದು ನಾನು ಕೇಳಿದೆ.

“ಮೂರೇ ಕಡೆ ಅತ್ತೆ. ಸಾಲಿನ ಕೊನೇಲಿ ಉಸಿರು ಸಾಲದೆ ಸ್ವರ ಇಳಿದಿದೆ.”

“ಅಷ್ಟಕ್ಕೆ ಇಡೀ ಹಾಡಿಗೇ ಯಾಕೆ ಇಸ್ತ್ರಿ ಹಾಕಿದೆ?”

ಪ್ರತಿ ಸ್ವರವನ್ನೂ ಅದರ ಸರಿಯಾದ ಸ್ಥಾನಕ್ಕೆ ತಟ್ಟನೆ ಎಳೆದು ಕೂರಿಸುವ ತಂತ್ರಾಂಶವು, ಸ್ವರದಿಂದ ಸ್ವರಕ್ಕೆ ಹಾಡು ಜಾರುವ ಕಡೆಗಳನ್ನೆಲ್ಲ ಮೆಟ್ಟಿಲು ಮಾಡಿತ್ತು. ಸೊಸೆ ಸಿಟ್ಟಿನಲ್ಲೇ ತಿದ್ದಿದ್ದನ್ನೆಲ್ಲ ಅಳಿಸಿ, ಆ ಮೂರು ಸ್ವರಗಳನ್ನಷ್ಟೇ ಬೇರ್ಪಡಿಸಿ ತುಸು ಮೇಲಕ್ಕೆ ಸರಿಸಿದಳು. ಸ್ವರಕ್ಕೆ ಜಾರಿ ಬರುವುದನ್ನೂ ಅದರ ಕಂಪನವನ್ನೂ ಮುಟ್ಟಲಿಲ್ಲ. ಎರಡು ಸರಿಹೋದವು. ಮೂರನೆಯದು ತೀರಾ ಕೆಳಗಿತ್ತು. ಪೂರ್ತಿ ಎತ್ತಿದರೆ ಮತ್ತೆ ತಗಡು. “ಹಾಳಾಗ್ಲಿ!” ಎಂದು ಅದನ್ನು ಅರ್ಧಕ್ಕೇ ನಿಲ್ಲಿಸಿದಳು.

ಮಗಳು ಅತ್ತಿಗೆಯ ತಣ್ಣಗಾದ ಚಹಾವನ್ನು ಬಿಸಿ ಮಾಡಿ ತಂದಿಟ್ಟು, ಹಾಡನ್ನು ಕೊನೆಯವರೆಗೆ ಕೇಳಿದಳು.

“ಆ ಮೂರನೇ ಕಡೆ ಇನ್ನೂ ಅಪಸ್ವರ ಇದೆ.”

“ಗೊತ್ತು ಕಣೇ! ಅದಕ್ಕಿಂತ ಎತ್ತೋಕಾಗಲ್ಲ.”

“ಬೇಡ. ಹಾಡ್ತಿರೋದು ನಾನೇ ಅಂತ ಗೊತ್ತಾಗುತ್ತೆ. ಕಳಿಸಿ.”