ಬಾಲ ಎತ್ತಿದ ಪ್ರಶ್ನೆ

ಸುಲ್ತಾನ್ ಬತ್ತೇರಿಯ ಒಂದು ಬೇಕರಿಯ ಮಹಡಿಯ ಮೇಲೆ ನಾನು ವಾರಕ್ಕೆ ಆರು ದಿನ ರೋಗಿಯಾಗುತ್ತೇನೆ. ಹೊರದೇಶಕ್ಕೆ ಹೊರಟ ನರ್ಸುಗಳಿಗೆ ಒಇಟಿ ಇಂಗ್ಲಿಷ್ ಪರೀಕ್ಷೆಯ ಮಾತಿನ ಭಾಗ ಕಲಿಸುವುದು ನನ್ನ ಕೆಲಸ. ನನ್ನ ಕಾಯಿಲೆ ಏನೆಂದು ನನ್ನ ಕೈಯ ಕಾರ್ಡಿನಲ್ಲಿರುತ್ತದೆ, ಅದನ್ನು ಅವರು ಕೇಳಿ ತಿಳಿಯಬೇಕು. ಶಾಲೆಯಿಂದ ನಿವೃತ್ತಳಾದ ಮೇಲೆ ಇಷ್ಟೊಂದು ಕಾಯಿಲೆಗಳು ಬರುತ್ತವೆಂದು ನಾನೇನೂ ಎಣಿಸಿರಲಿಲ್ಲ.

ಅವರಲ್ಲೊಬ್ಬಳು ಸ್ನೇಹಾ, ಎರಡು ಸಲ ಈ ಭಾಗದಲ್ಲೇ ಜಾರಿದ್ದಳು. ಸೋಮವಾರದ ಪರೀಕ್ಷೆಯೂ ಹೋದರೆ ಐರ್ಲೆಂಡಿನ ಆಸ್ಪತ್ರೆ ಅವಳಿಗಾಗಿ ಕಾಯುವುದಿಲ್ಲ. ಅವಳ ಇಂಗ್ಲಿಷ್ ಚೆನ್ನಾಗಿತ್ತು. ಕೆಟ್ಟಿದ್ದು ಬಾಲ, ಅಂದರೆ ಮಾತಿನ ಕೊನೆಗೆ ಅಂಟಿಸುವ ಪುಟ್ಟ ಪ್ರಶ್ನೆ.

"ಯೂ ಹ್ಯಾವ್ ನೋ ಅಲರ್ಜೀಸ್, ಡೂ ಯೂ?" ಎನ್ನುತ್ತಾ 'ಡೂ ಯೂ' ಬಂದಾಗ ದನಿಯನ್ನು ದೊಪ್ಪನೆ ಇಳಿಸುತ್ತಿದ್ದಳು.

"ನೋ, ಸಿಸ್ಟರ್."

"ಸರಿ ಆಯ್ತಲ್ಲ ಟೀಚರೇ?"

"ಆಯ್ತು. ನೀನು ಪೆನಿಸಿಲಿನ್ ಚುಚ್ಚಿದೆ, ನಾನು ಸತ್ತೆ. ಕಾರ್ಡಲ್ಲಿ ಅಲರ್ಜಿ ಉಂಟು."

"ಅಯ್ಯೋ, ಮತ್ತೆ ನೋ ಅಂದ್ರಿ!"

"ದನಿ ಇಳಿಸಿದ್ರೆ ಉತ್ತರ ನಿಂಗೆ ಮೊದ್ಲೇ ಗೊತ್ತು, ನಾನು ಒಪ್ಪಿದ್ರೆ ಸಾಕು ಅಂತ. ನಾನು ಮರ್ಯಾದಸ್ಥೆ, ಒಪ್ಪಿದೆ. ಗೊತ್ತಿಲ್ಲದ್ದು ಕೇಳುವಾಗ ಬಾಲ ಮೇಲೆತ್ತು. ನೋವು ಮುಖದಲ್ಲೇ ಕಾಣ್ತಿದ್ರೆ 'ಇಟ್ ಹರ್ಟ್ಸ್, ಡಸಂಟ್ ಇಟ್' ಅಂತ ಇಳಿಸು. ಅದು ಸಮಾಧಾನ."

ಪಾಪ, ಐದು ವರ್ಷ ನಲವತ್ತು ಹಾಸಿಗೆಯ ವಾರ್ಡಿನಲ್ಲಿ ಓಡಾಡಿದವಳು. ಹೂಂ ಅನ್ನಿಸಿಕೊಂಡು ಮುಂದಿನ ಹಾಸಿಗೆಗೆ ಹೋಗುವುದು ಅವಳ ನಾಲಿಗೆಗೆ ಅಂಟಿಬಿಟ್ಟಿತ್ತು. ಆ ವಾರ ಅವಳ ಕೈಯಲ್ಲಿ ಒಂಬತ್ತು ಸಲ ಸತ್ತೆ. ಪ್ರತಿ ಸಾವಿಗೂ ಬೋರ್ಡಿನ ಮೇಲೆ ಗೀಟು ಎಳೆದೆ. ಅವಳಿಗೆ ಅಳು, ನನಗೆ ನಗು.

ಶನಿವಾರ ಕೊನೆಯ ಅಭ್ಯಾಸ. ಕಾರ್ಡಿನ ಪ್ರಕಾರ ನಾನು ಬಿಪಿ ಇರುವವಳು, ಮಾತ್ರೆಯನ್ನು ಒಂದು ದಿನವೂ ತಪ್ಪಿಸದವಳು. ಸ್ನೇಹಾ ಕುರ್ಚಿಯನ್ನು ಹತ್ತಿರ ಎಳೆದುಕೊಂಡು ನನ್ನ ಮುಖ ನೋಡಿದಳು.

"ಯೂ ಆರ್ ಟೇಕಿಂಗ್ ಯುವರ್ ಟ್ಯಾಬ್ಲೆಟ್ಸ್, ಆರಂಟ್ ಯೂ?"

'ಆರಂಟ್ ಯೂ' ಮೇಲಕ್ಕೆ ಹೋಗಿ ಅಲ್ಲೇ ನಿಂತಿತು. ಅವಳು ಕಾದಳು. ಬಿಪಿ ನನಗೆ ನಿಜಕ್ಕೂ ಇದೆ. ನನ್ನ ಗಂಡ ವಿಮಲನಾಥ ದಿನಾ ಬೆಳಿಗ್ಗೆ ಪೇಪರಿನಿಂದ ತಲೆ ಎತ್ತದೆ "ಮಾತ್ರೆ ತಗೊಂಡ್ಯಲ್ಲ" ಎನ್ನುತ್ತಾರೆ, ನಾನು ಹೂಂ ಎನ್ನುತ್ತೇನೆ. ನಿಜವಾಗಿ ತಿಳಿಯಬೇಕೆಂದು ಯಾರೂ ಕೇಳಿರಲಿಲ್ಲ.

"ನೋ," ಎಂದೆ. ಬಾಯಿಂದ ತಾನಾಗಿಯೇ ಬಂತು.

"ಸಿನ್ಸ್ ವೆನ್?"

"ಓಣಂ ಆದ್ಮೇಲೆ ಬಿಟ್ಟೆ."

ಅವಳು ಪೆನ್ನು ಕೆಳಗಿಟ್ಟಳು. "ಟೀಚರೇ, ಇದು ಕಾರ್ಡಲ್ಲಿ ಇರೋದಾ?"

"ಅಲ್ಲ."

ನನಗೆ ಸಿಟ್ಟು ಬಂತು, ನಾಚಿಕೆಯಾಯಿತು, ಕಣ್ಣೂ ತುಂಬಿತು. ಇವಳು ಸೋಮವಾರ ಗೆದ್ದೇ ಗೆಲ್ಲುತ್ತಾಳೆಂದು ಆಗಲೇ ಗೊತ್ತಾಯಿತು. ಅವಳು ನನ್ನ ಮೊಣಕೈ ಹಿಡಿದಳು.

"ಯೂ ವಿಲ್ ಸ್ಟಾರ್ಟ್ ಟುಡೇ, ವೋಂಟ್ ಯೂ?"

ಈ ಸಲ ದನಿ ಇಳಿಸಿದಳು, ಕತ್ತೆ. ಹೂಂ ಎನ್ನದೆ ವಿಧಿಯಿರಲಿಲ್ಲ.