ನೋಡದೆ ಹಾಕಿದ ಸಹಿ

ಹುಬ್ಬಳ್ಳಿಯ ಮುರುಗೆಪ್ಪ ಸಾಹುಕಾರರ ಅಂಗಡಿಯಲ್ಲಿ ನಾನು ಹದಿನಾಲ್ಕು ವರ್ಷದಿಂದ ಗುಮಾಸ್ತ. ಬಂದ ಮಾಲನ್ನು ಉಗ್ರಾಣದ ಕಟ್ಟೆಯ ಮೇಲೆ ಇಳಿಸಿಕೊಂಡು, ಜೊತೆಗೆ ಬಂದ ಚಲನ್ನಿಗೂ ನಮ್ಮ ಆರ್ಡರ್ ಪುಸ್ತಕಕ್ಕೂ ತಾಳೆ ನೋಡಿ, ಕಡಿಮೆ ಬಿದ್ದದ್ದು, ಒಡೆದದ್ದು ಚಲನ್ನಿನ ಮೇಲೆ ಬರೆದು, ಆಮೇಲೆ ಸಹಿ ಹಾಕುವುದು ನನ್ನ ಕೆಲಸ. ಅದರಲ್ಲಿ ನನ್ನ ಮುಂದೆ ಯಾರೂ ಇಲ್ಲ ಎಂಬ ಜಂಬ ಬೇರೆ.

ಮೂವತ್ತಾರನೆಯ ಇಸವಿಯ ದೀಪಾವಳಿ ಪಾಡ್ಯದ ದಿನ ಗಾಡಿಯವ ದಸ್ತಗೀರಸಾಬ ಸ್ಟೇಷನ್ ಹತ್ತಿರದ ಏಜೆಂಟರ ಕಡೆಯಿಂದ ಗಾಡಿಯಲ್ಲಿ ಕಂದೀಲಿನ ಗಾಜು ತಂದ. ಆರ್ಡರಿನಲ್ಲಿ ಹನ್ನೆರಡು ಪೆಟ್ಟಿಗೆ, ಪೆಟ್ಟಿಗೆಗೆ ಆರು ಡಜನ್. ಚಲನ್ನಿನಲ್ಲೂ ಅಷ್ಟೇ.

"ಗುಮಾಸ್ತರ, ಇದೊಂದು ಪೆಟ್ಟಿಗಿ ಹಗುರ ಐತ್ರಿ. ಮೊಳಿನೂ ಹೊಸವು ಬಡದಾರ. ತಗದು ನೋಡಿ ಬರೀರಿ," ಎಂದ.

ಅಷ್ಟರಲ್ಲಿ ಸಾಹುಕಾರರ ಹೆಂಡತಿ ಶಿವಬಸವ್ವ ಆರತಿ ಹಿಡಿದು ಬಂದು ಪೆಟ್ಟಿಗೆಗಳಿಗೆ ಕುಂಕುಮ ಹಚ್ಚತೊಡಗಿದ್ದರು. ವ್ಯಾಪಾರದ ಹೊಸ ವರ್ಷದ ಮೊದಲ ಮಾಲು. ಬಾಗಿಲಿಗೆ ಬಂದ ಲಕ್ಷ್ಮಿಯ ಮೇಲೆ 'ಕಡಿಮೆ' ಎಂದು ಬರೆಯಲು ನನಗೆ ಕೈ ಬರಲಿಲ್ಲ.

"ಹಬ್ಬದ ದಿನ ಅಪಶಕುನ ನುಡೀಬ್ಯಾಡೋ ಮಾರಾಯ," ಎಂದು ಗದರಿಸಿ, 'ಎಲ್ಲ ಸರಿಯಾಗಿ ಮುಟ್ಟಿತು' ಎಂದು ಬರೆದು ಸಹಿ ಮಾಡಿದೆ. ಒಂದು ಪ್ರತಿ ಏಜೆಂಟರಿಗೆ ಹೋಯಿತು.

ಮೂರನೆಯ ದಿನ ತೆಗೆದರೆ ಆ ಪೆಟ್ಟಿಗೆಯಲ್ಲಿ ನಾಲ್ಕೇ ಡಜನ್. ಅದರಲ್ಲೂ ಒಂಬತ್ತು ಒಡೆದಿದ್ದವು. ಉಳಿದದ್ದೆಲ್ಲ ಹುಲ್ಲು. ಏಜೆಂಟರು ನನ್ನ ಸಹಿ ತೋರಿಸಿ ಕೈ ತೊಳೆದುಕೊಂಡರು. ಇನ್ನು ಸಂಶಯಕ್ಕೆ ಸಿಕ್ಕವನು ಗಾಡಿಯವನೊಬ್ಬನೇ.

ಸಾಹುಕಾರರು ಹಮಾಲರೆಲ್ಲರ ಮುಂದೆ ಕೇಳಿದರು: "ದಾರ್ಯಾಗ ಎಲ್ಲಿ ಇಳಿಸಿದಿ?"

"ಹಗುರ ಐತಂತ ನಾ ಇಲ್ಲೇ ಹೇಳಿದ್ನಲ್ರಿ. ಗುಮಾಸ್ತರನ್ನ ಕೇಳ್ರಿ," ಎಂದ ದಸ್ತಗೀರಸಾಬ.

ಎಲ್ಲರೂ ನನ್ನ ಕಡೆ ತಿರುಗಿದರು. ಹೌದೆಂದರೆ ನನ್ನ ನೌಕರಿ ಹೋಗುತ್ತಿತ್ತು. "ನನಗ ನೆನಪಿಲ್ರಿ," ಎಂದೆ. ಥೂ, ಈ ಬಾಯಿಗೆ ಅಂದೇ ಹುಳ ಬೀಳಬೇಕಿತ್ತು.

ಅವನು ಎತ್ತು ಹೂಡಿಕೊಂಡು ಹೋದ. ಕಳ್ಳನೆಂಬ ಹೆಸರು ಬಿದ್ದ ಮೇಲೆ ಬಜಾರದಲ್ಲಿ ಎಂಟು ದಿನ ಯಾರೂ ಅವನ ಗಾಡಿ ಕರೆಯಲಿಲ್ಲ. ನಾಚಿಕೆಯೆಂದರೆ ಇಂಥದು ಎಂದು ಆಗ ಗೊತ್ತಾಯಿತು. ಒಂಬತ್ತನೆಯ ದಿನ ಸಾಹುಕಾರರ ಮುಂದೆ ನಿಂತು ಎಲ್ಲ ಹೇಳಿಬಿಟ್ಟೆ.

ಅವರು, "ನನ್ನ ಮುಂದ ಏನ್ ಹೇಳ್ತಿ? ಅವನ್ನ ಕರಸು," ಎಂದರು.

ದಸ್ತಗೀರಸಾಬ ಬಂದ. ಕಟ್ಟೆಯ ಮೇಲೆ, ಅದೇ ಹಮಾಲರ ಎದುರು ಕೈ ಮುಗಿದೆ. "ನೀ ಹೇಳಿದ್ದಿ. ನಾನ ಕೇಳಲಿಲ್ಲ. ತಪ್ಪಾತು."

"ಬಾಯಿಮಾತು ನಿಮಗ ನೆನಪ ಉಳಿಯೂದಿಲ್ರಿ," ಎಂದ. "ಬರದು ಸಹಿ ಮಾಡ್ರಿ."

ಬರೆದು ಕೊಟ್ಟೆ. ಅವನಿಗೆ ಓದು ಬಾರದು. ಓದಿ ಹೇಳಲು ನಾನು ಬಾಯಿ ತೆರೆಯುವಷ್ಟರಲ್ಲಿ ಕಾಗದ ಹಿಡಿದು ಪಕ್ಕದ ಅಂಗಡಿಯ ಖಾದರಬಾಷಾನ ಹತ್ತಿರ ನಡೆದ. ಎರಡು ಸಲ ಓದಿಸಿ ಕೇಳಿದ. ಅಲ್ಲಿಯವರೆಗೂ ನಾನು ಕೈ ಮುಗಿದುಕೊಂಡೇ ನಿಂತಿದ್ದೆ.