ರುಚಿ ನೋಡಿದವರ ಸಹಿ

ಚಂದ್ರಕಲಾ ಹಾಸ್ಟೆಲ್ ಸೇರಿ ಮೂರು ವಾರವಾಗಿತ್ತು. ಅಷ್ಟರಲ್ಲಿ ಅವಳು ಹಾಸ್ಟೆಲಿನ ಊಟ ಉಂಡದ್ದು ಎರಡೇ ಸಲ. ಆ ಎರಡು ಸಲವೂ ವಾರ್ಡನ್ ಮೇಡಂ ಎದುರಿಗೇ ನಿಂತಿದ್ದರು. ಉಳಿದ ದಿನ ಅವಳ ಹೊಟ್ಟೆಯ ಜವಾಬ್ದಾರಿಯನ್ನು ಕಳ್ಳಕವಟಗಿಯ ಬಸ್ಸು ಹೊತ್ತುಕೊಂಡಿತ್ತು.

ತಾಯಿ ಬೋರವ್ವ ನಸುಕಿನಲ್ಲೆದ್ದು ರೊಟ್ಟಿ ಬಡಿಯುವಳು. ತಂದೆ ಅಮಸಿದ್ದ ಬುತ್ತಿಯ ಗಂಟನ್ನು ಡ್ರೈವರನ ಪಕ್ಕದಲ್ಲಿ ಇಟ್ಟು ಬರುವನು. ಬಸ್ಸು ಟಿಕೋಟಾ ದಾಟಿ, ವಿಜಯಪುರ ಹೊಕ್ಕು, ಅಥಣಿ ರಸ್ತೆಯ ಹಾಸ್ಟೆಲ್ ಗೇಟಿನ ಮುಂದೆ ಎಂಟೂವರೆಗೆ ಗಂಟನ್ನು ಇಳಿಸುವುದು. ಮಗಳಿಗೆ ಮನೆ ನೆನಪಾಗಿ ದುಃಖವಾಗಬಾರದು ಎಂಬುದು ಬೋರವ್ವನ ವಿಚಾರ. ಔಷಧವೇನೋ ಚೆನ್ನಾಗಿಯೇ ಕೆಲಸ ಮಾಡುತ್ತಿತ್ತು. ದುಃಖ ದಿನಾ ಬಿಸಿಬಿಸಿಯಾಗಿ ಬಂದು ಇಳಿಯುತ್ತಿತ್ತು.

ಎಂಟಕ್ಕೆ ಉಳಿದ ಹುಡುಗಿಯರೆಲ್ಲ ಊಟದ ಮನೆಯಲ್ಲಿ ಕೂತು ಹರಟುತ್ತ ನಾಷ್ಟಾ ಮಾಡುವಾಗ ಇವಳು ಗೇಟಿನಲ್ಲಿ ನಿಂತು ರಸ್ತೆ ನೋಡುತ್ತಿದ್ದಳು. ಗಂಟು ಬಂದ ಮೇಲೆ ಕೋಣೆಯಲ್ಲಿ ಒಬ್ಬಳೇ ಕೂತು ತಿನ್ನುತ್ತಿದ್ದಳು; ಮಧ್ಯಾಹ್ನಕ್ಕೂ ರಾತ್ರಿಗೂ ಅದೇ ಗಂಟು. ಮೂರು ವಾರದಲ್ಲಿ ಅವಳ ಹೆಸರು ಗೊತ್ತಾದದ್ದು ಕೋಣೆಯ ಮೂವರಿಗೆ ಮತ್ತು ಕಾವಲುಗಾರನಿಗೆ.

ಅಳುವಿಗೆ ಹೊತ್ತು ಗೊತ್ತಿತ್ತು. ನಸುಕಿನ ಐದಕ್ಕೆ, ಮನೆಯಲ್ಲಿ ರೊಟ್ಟಿ ಬಡಿಯುವ ಸಪ್ಪಳಕ್ಕೆ ಏಳುತ್ತಿದ್ದ ಕಣ್ಣು ಇಲ್ಲಿ ಸಪ್ಪಳವಿಲ್ಲದಿದ್ದರೂ ತೆರೆಯುತ್ತಿತ್ತು. ಬಚ್ಚಲಿಗೆ ಹೋಗಿ ನಳ ಬಿಟ್ಟು ಅಳುತ್ತಿದ್ದಳು. ಕಾಲೇಜಿನ ಲ್ಯಾಬಿನಲ್ಲಿ ಆಸಿಡ್ ಸುರಿಯುವಾಗ ಒಂದು ತಾಸು ಎಲ್ಲ ಮರೆತಿರುತ್ತಿತ್ತು. ಮರೆತೆನಲ್ಲ ಎಂದು ಆಮೇಲೆ ಅದಕ್ಕೂ ಒಂದಿಷ್ಟು ಅಳು. ಸಂಜೆ ಕೆಲಸವಿಲ್ಲದೆ ಕೂತಾಗ ಮತ್ತೆ ಶುರು. ಹೊಟ್ಟೆ ನೋವೆಂದು ಡಾಕ್ಟರ ಹತ್ತಿರ ಹೋದರೆ ಅವರಿಗೆ ಏನೂ ಸಿಗಲಿಲ್ಲ. ಬಂದವರನ್ನು ಬರಿಗೈಲಿ ಕಳಿಸುವುದು ಹೇಗೆಂದು ಹತ್ತು ಗುಳಿಗೆ ಬರೆದರು.

ರಾತ್ರಿ ಊಟದ ಹೊತ್ತಿಗೆ ಬೋರವ್ವನ ವಿಡಿಯೊ ಫೋನು. ಸಮಾಧಾನ ಮಾಡುವುದರಲ್ಲಿ ಅವಳಿಗೆ ಸರಿಗಟ್ಟುವವರಿಲ್ಲ.

"ನೋಡ ಬೇ, ಆಡಿನ ಮರಿ ನಿನ್ನ ಹುಡುಕ್ಯಾಡಾಕತ್ತೈತಿ. ನೋಡ, ನೀ ಮಲಗೂ ಜಾಗಾ ಖಾಲಿ ಬಿದ್ದೈತಿ. ನೀ ಮಾತ್ರ ಅಳಬ್ಯಾಡ."

ಶನಿವಾರ ಸಂಜೆ ಊರು, ಸೋಮವಾರ ಮುಂಜಾನೆ ಹಾಸ್ಟೆಲು. ಪ್ರತಿ ಸೋಮವಾರವೂ ಮೊದಲನೆಯ ದಿನವೇ. ಊರಿನ ಪಂಡಿತರು ಸುಮ್ಮನಿದ್ದಾರೆಯೇ? ಒಬ್ಬರು ದೃಷ್ಟಿ ತಾಗಿದೆ ಎಂದರು. ಇನ್ನೊಬ್ಬರು ಹುಡುಗಿಯ ಮನಸ್ಸು ಅಳ್ಳಕ ಎಂದರು. ಬಿಟ್ಟು ಬಂದ ಮನೆಗೆ ವಾರಕ್ಕೊಮ್ಮೆ ಓಡಿ ಹೋದರೆ ಅದು ಬಿಟ್ಟಂತೆ ಆಗುವುದು ಯಾವಾಗ ಎಂದು ಒಬ್ಬನೂ ಕೇಳಲಿಲ್ಲ.

ಮೂರನೆಯ ಭಾನುವಾರ ಅಮಸಿದ್ದ ತೀರ್ಪು ಕೊಟ್ಟ. "ಬುಧವಾರ ಜೀಪ್ ತಗೊಂಡ ಬರ್ತೀನಿ. ಟ್ರಂಕ್ ಕಟ್ಟಿಡು. ಸಾಲಿ ಮುಂದಿನ ವರ್ಷ ನೋಡೂಣು."

ಆ ಊರಿನಲ್ಲಿ ಹೆಣ್ಣುಮಕ್ಕಳ 'ಮುಂದಿನ ವರ್ಷ' ಎಂದರೆ ಮದುವೆಯ ಹಂದರ ಹಾಕುವ ವರ್ಷ. ಚಂದ್ರಕಲಾಳಿಗೆ ಅದು ಗೊತ್ತಿತ್ತು. ಹಾಸ್ಟೆಲಿನ ಜಾಗಕ್ಕೆ ಕಾಯುತ್ತಿರುವವರ ಪಟ್ಟಿ ನೋಟಿಸ್ ಬೋರ್ಡಿನಲ್ಲಿ ಇದ್ದುದೂ ಗೊತ್ತಿತ್ತು. ಬಿಟ್ಟರೆ ಮತ್ತೆ ಸಿಗದು. ಆದರೂ ಹ್ಞೂಂ ಎಂದಳು. ಅತ್ತು ಅತ್ತು ಸಾಕಾಗಿತ್ತು.

ಸೋಮವಾರ ಅವಳು ಬುತ್ತಿ ಬಿಚ್ಚಿದಾಗ ಕೋಣೆಯ ಗೌತಮಿ ಬಂದು ಎದುರಿಗೆ ಕೂತಳು. ಬಬಲೇಶ್ವರದವಳು, ಪಿಯುಸಿ ಎರಡನೇ ವರ್ಷ.

"ಏನ ಬೇ ಚಂದ್ರಿ, ಊಟದ ಮನಿಗೆ ಬರಬಾರದಂತ ಆಣೆ ಮಾಡಿಯೇನ?"

"ಆ ಉಪ್ಪಿಟ್ಟ ಯಾರು ತಿಂತಾರ? ಗ್ವಾಡಿಗೆ ಬಳಿಯೂ ಗಿಲಾವ ಇದ್ದಂಗ ಐತಿ. ಸಾರಿನ್ಯಾಗ ಬ್ಯಾಳಿ ಹುಡುಕಾಕ ದುರ್ಬೀನ ಬೇಕು."

ಅಡುಗೆಯ ಸುಗರಾಬಿ ಬಾಗಿಲಲ್ಲೇ ನಿಂತಿದ್ದಳು. "ಅಮ್ಮಣ್ಣಿ, ನನ್ನ ಉಪ್ಪಿಟ್ಟ ಯಾವತ್ತ ಬಾಯಾಗ ಇಟ್ಕೊಂಡೀ? ತಿನ್ನದನ ಹೆಸರಿಡ್ತಿಯಲ್ಲ, ವಾಸನಿ ತಗೊಂಡ ಹೊಟ್ಟಿ ತುಂಬತೇನ?"

ಅಪ್ಪನ ಸಿಟ್ಟು ಮಗಳಿಗೂ ಪಾಲು ಬಂದಿತ್ತು. "ವಾಸನೀನ ಹಂಗೈತಿ. ತಿಂದ್ರ ದವಾಖಾನಿಗೆ ಹೋಗಬೇಕಾಗ್ತದ."

"ಅರವತ್ತ ಹುಡುಗ್ಯಾರು ತಿಂತಾರ. ಯಾರೂ ಸತ್ತಿಲ್ಲ."

"ಓಡಿ ಹೋಗಾಕ ಶಕ್ತಿ ಉಳಿದಿಲ್ಲ ಅವ್ರಿಗೆ, ಅದಕ್ಕ ಇಲ್ಲೇ ಅದಾರ."

ಹುಡುಗಿಯರು ನಕ್ಕರು. ಬೇರೆ ಕೋಣೆಯವರೂ ಬಂದು ನೆರೆದರು. ಹತ್ತು ನಿಮಿಷ ಜಗಳವಾಯಿತು. ಅಷ್ಟು ಹೊತ್ತು ಚಂದ್ರಕಲಾಳಿಗೆ ಕಳ್ಳಕವಟಗಿ ಎಂಬ ಊರಿದೆ ಎಂಬುದೇ ನೆನಪಾಗಲಿಲ್ಲ.

ವಾರ್ಡನ್ ಮೇಡಂ ಬಂದು ಕೇಳಿಸಿಕೊಂಡರು. ಬಡಿಸುವ ಮೊದಲು ಆಹಾರ ಸಮಿತಿಯ ಒಬ್ಬ ಹುಡುಗಿ ರುಚಿ ನೋಡಿ ಪುಸ್ತಕದಲ್ಲಿ ಸಹಿ ಮಾಡಬೇಕೆಂಬುದು ಹಾಸ್ಟೆಲಿನ ಪದ್ಧತಿ. ಆರಕ್ಕೇ ಎದ್ದು ಹಾಲು, ಕಾಯಿಪಲ್ಲೆ ನೋಡಿ ತೆಗೆದುಕೊಳ್ಳುವುದೂ ಅವಳದೇ ಕೆಲಸ. ಹಾಗಾಗಿ ಯಾರೂ ಮುಂದೆ ಬರದೆ ಸಮಿತಿಯಲ್ಲಿ ಮೊದಲ ವರ್ಷದವರ ಜಾಗ ಖಾಲಿಯೇ ಇತ್ತು.

"ಇಷ್ಟ ನಾಲಿಗಿ ಇದ್ದಾಕಿ ಬೇಕಾಗಿದ್ಲು. ನಾಳಿಂದ ನೀನ."

"ನಾ ಬುಧವಾರ ಊರಿಗೆ ಹೊಂಟೇನ್ರಿ ಮೇಡಂ. ವಾಪಸ್ ಬರೂದಿಲ್ರಿ."

"ಹೋಗವಾ. ನಡುವ ಮಂಗಳವಾರ ಒಂದೈತಲ್ಲ, ಅದನ್ನ ಮುಗಿಸಿ ಹೋಗು."

ಮಂಗಳವಾರ ಐದಕ್ಕೆ ಎಂದಿನಂತೆ ಎಚ್ಚರವಾಯಿತು, ಎಂದಿನಂತೆ ಬಚ್ಚಲಿಗೆ ಹೋಗಿ ನಳ ಬಿಟ್ಟಳು. ಆದರೆ ಆರಕ್ಕೆ ಹಾಲಿನವನು ಬರುತ್ತಾನೆ. ಅಳುವುದಕ್ಕೆ ಪುರುಸೊತ್ತು ಸಾಲಲಿಲ್ಲ.

"ಬರ್ರಿ ಸಾಹೇಬ್ರ," ಎಂದಳು ಸುಗರಾಬಿ, ಬದನೆಕಾಯಿ ಸುರುವುತ್ತ.

ಚಂದ್ರಕಲಾ ಹುಳುಕು ಕಾಯಿಗಳನ್ನು ಆರಿಸಿ ಬೇರೆ ಇಟ್ಟಳು. ತರಕಾರಿಯವನು ಗೊಣಗಿದ. ಸುಗರಾಬಿ ಈ ಸಲ ಹುಡುಗಿಯ ಕಡೆ ನಿಂತು ಅವನಿಗೇ ಜೋರು ಮಾಡಿದಳು. ಅವಲಕ್ಕಿ ಆದ ಮೇಲೆ ತಟ್ಟೆಗೆ ಒಂದು ಸೌಟು ಹಾಕಿ ಮುಂದೆ ಹಿಡಿದಳು. ಚಂದ್ರಕಲಾ ವಿಷ ಕುಡಿಯುವವಳಂತೆ ಬಾಯಿಗಿಟ್ಟಳು.

"ಉಪ್ಪ ಕಮ್ಮಿ ಆಗೈತಿ. ಉಳಿದದ್ದು ನಡೀತೈತಿ."

ಸುಗರಾಬಿ ತಾನೂ ತಿಂದು ನೋಡಿ ಉಪ್ಪು ಉದುರಿಸಿದಳು. ಚಂದ್ರಕಲಾ ಪುಸ್ತಕದಲ್ಲಿ ಸಹಿ ಹಾಕಿ, ಅರವತ್ತು ಹುಡುಗಿಯರು ಉಂಡೇಳುವ ತನಕ ಅಲ್ಲೇ ಇದ್ದಳು. ಅವರೊಡನೆ ತಾನೂ ಉಂಡಳು. ಬಸ್ಸು ಬಂದು ಹೋದದ್ದೇ ತಿಳಿಯಲಿಲ್ಲ. ಕಾಲೇಜಿಗೆ ಹೊರಟಾಗ ಬುತ್ತಿ ಕಾವಲುಗಾರನ ಕುರ್ಚಿಯ ಮೇಲಿತ್ತು. ಅದನ್ನು ಕಂಡದ್ದೇ ಅವಳು ರಸ್ತೆಯಲ್ಲೇ ಅತ್ತಳು.

ಗೌತಮಿ ಗಂಟನ್ನು ತಾನೇ ಹಿಡಿದುಕೊಂಡಳು. "ಬಬಲೇಶ್ವರ ಏನ ಸಮುದ್ರದಾಚೆ ಐತಾ? ಹೋದ ವರ್ಷ ನಾನೂ ದೀಪಾವಳಿ ತನಕ ಅತ್ತೀನಿ ಬೇ. ಊರು ದೂರ ಇದ್ದದ್ದಕ್ಕ ಅಳು ಬರೂದಿಲ್ಲ, ಸುಮ್ನ ಕುಂತ್ರ ಬರ್ತೈತಿ. ಒಂದೆರಡು ಶನಿವಾರ ಹೋಗಬ್ಯಾಡ. ಕಟ್ಟಿಗಿ ತಗೀಲಿಲ್ಲಂದ್ರ ಒಲಿ ಹೆಂಗ ಆರೀತು?"

ಬುಧವಾರ ಜೀಪು ಬಂತು. ಟ್ರಂಕು ಕಟ್ಟಿರಲಿಲ್ಲ.

"ಬರೂದಿಲ್ಲ ಯಪ್ಪಾ," ಎಂದಳು ಚಂದ್ರಕಲಾ.

"ಅಳೂದ ನಿಂತತೇನ?"

"ಇಲ್ಲ. ಇವತ್ತೂ ಅತ್ತೀನಿ."

"ಮತ್ತ?"

"ಅತ್ಕೋತನ ಇರ್ತೀನಿ. ಊರಿಗೆ ಬಂದ್ರ ಆಮ್ಯಾಲ ಇದಕ್ಕಿಂತ ದೊಡ್ಡ ಅಳು ಐತಿ."

ಅಮಸಿದ್ದ ತಲೆಯ ರುಮಾಲು ಬಿಚ್ಚಿ ಮತ್ತೆ ಸುತ್ತಿದ. ಅವನಿಗೆ ಸಿಟ್ಟು ಬರಬೇಕಿತ್ತು. ಜೀಪಿನವನ ಮುಂದೆ ಮರ್ಯಾದೆ ಹೋಗಿತ್ತು. ಆದರೆ ಇಷ್ಟು ದಿನ ಹ್ಞೂಂ ಎನ್ನುತ್ತಿದ್ದವಳು ಮುಖ ಎತ್ತಿ ಮಾತಾಡಿದ್ದಳು.

"ಇನ್ನೊಂದು ಮಾತು," ಎಂದಳು. "ಬುತ್ತಿ ದಿನಾ ಬ್ಯಾಡ. ಅದು ಬಂದ್ರ ನಾ ಮತ್ತ ಗೇಟಿನ್ಯಾಗ ನಿಂದರ್ತೀನಿ. ಅವ್ವಗ ಹೇಳು."

"ನೀನ ಹೇಳು. ನನಗ ಆ ಮನಿಯಾಗ ಇರೂದೈತಿ."

ಅವಳೇ ಫೋನಿನಲ್ಲಿ ಹೇಳಿದಳು. ಬೋರವ್ವ ಕೇಳಿದಳು, "ರೊಟ್ಟಿ ಕೆಟ್ಟಿದ್ದೂವೇನ?"

"ಇಲ್ಲವ್ವಾ. ಚಲೋ ಇರ್ತಾವ. ಅದಕ್ಕ ಬ್ಯಾಡ ಅನ್ನಾಕತ್ತೇನಿ."

ಬೋರವ್ವ ಫೋನು ಇಟ್ಟಳು. ಮತ್ತೆ ಮಾಡಲಿಲ್ಲ. ಶನಿವಾರ ಕೋಣೆ ಖಾಲಿಯಾಯಿತು. ಚಂದ್ರಕಲಾ ಒಬ್ಬಳೇ ಕೂತು ಮನಸಾರೆ ಅತ್ತು, ಮುಖ ತೊಳೆದುಕೊಂಡು, ಮರುದಿನದ ಕಾಯಿಪಲ್ಲೆಯ ಪಟ್ಟಿ ಬರೆಯಲು ಅಡುಗೆಮನೆಗೆ ಹೋದಳು.

ಭಾನುವಾರ ಸಂಜೆ ಫೋನು ಬಂತು. ಈ ಸಲ ಮರಿಯನ್ನು ತೋರಿಸಲಿಲ್ಲ.

"ಬೇ," ಎಂದಳು ಬೋರವ್ವ, "ನಸುಕಿನ್ಯಾಗ ಕಣ್ಣ ತೆರಿತಾವ. ಎದ್ದ ಏನ ಮಾಡ್ಲಿ?"

"ಆರರ ತನಕ ಮಲ್ಕೊ."

"ನಿದ್ದಿ ಬರೂದಿಲ್ಲ. ಕುಂತ ಅಳ್ತೀನಿ."

"ಮೊದಲ ಹಂಗ ಆಗ್ತೈತಿ ಯವ್ವಾ, ಬರ್ತ ಬರ್ತ ಕಮ್ಮಿ ಆಗ್ತದ," ಎಂದಳು ಚಂದ್ರಕಲಾ, ಇಂಥ ಎಷ್ಟೋ ಮಂದಿಯನ್ನು ಕಂಡವಳ ಗತ್ತಿನಲ್ಲಿ.